ಬೆಣ್ಣೆಕೈಯವನ ಬಿಕ್ಕಳಿಕೆ

ನಮ್ಮಣ್ಣನಿಗೆ ಊಟ ಮಾಡಲು ಬರುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ. ತಿನ್ನಲು ಬರುತ್ತದೆ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಕೂತು, ಅಗಿದು, ನುಂಗಿ, ನೀರು ಕುಡಿದು ಏಳುವುದಕ್ಕೆ ಊಟ ಅನ್ನುತ್ತಾರಲ್ಲ, ಅದು ಅವನ ಜಾತಕದಲ್ಲೇ ಇಲ್ಲ. ಬೆಳಗ್ಗೆ ಅಂಗಡಿಯ ಶಟರ್ ಎತ್ತಿದರೆ ಮಧ್ಯಾಹ್ನ ಇಳಿಸುವವರೆಗೆ ಒಂದು ಲೋಟ ಟೀ ಬಿಟ್ಟು ಬೇರೇನೂ ಒಳಗೆ ಹೋಗುವುದಿಲ್ಲ. ಆಮೇಲೆ ಅತ್ತಿಗೆ ಕಟ್ಟಿಕೊಟ್ಟ ಡಬ್ಬಿಯ ಮೂರೂ ಅಂತಸ್ತು ಒಂದೇ ಉಸಿರಿನಲ್ಲಿ ಖಾಲಿ. ಅದೂ ನಿಂತುಕೊಂಡು, ಬೆಂಚಿನ ಮೇಲೆ ಕಾದವರ ಜೊತೆ ಬಾಯ್ತುಂಬ ಮಾತಾಡುತ್ತ. ಕೊನೆಗೆ "ಊಟ ಕೆಳಗಿಳೀಲಿ" ಎಂದು ಎದುರಿನ ಅಂಗಡಿಯಿಂದ ತಂದ ತಣ್ಣನೆಯ ಸೋಡಾ ಗಟಗಟ ಸುರಿದುಕೊಳ್ಳುತ್ತಾನೆ. ಸೀಸೆ ಕೆಳಗಿಡುವಷ್ಟರಲ್ಲಿ ಹಿಕ್! ಬಿಕ್ಕಳಿಕೆ ಹಾಜರು.

ಅವನ ಕ್ಷೌರದಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಆ ಕಡೆ ಬಿಕ್ಕಿದರೆ ಈ ಕಡೆ ನನ್ನ ಮೆಷಿನ್ನಿನ ಸೂಜಿ ನಿಲ್ಲುತ್ತದೆ. "ಅಣ್ಣಾ, ಯಾರೋ ನಿನ್ನ ನೆನೆಸ್ಕೊಳ್ತಿದ್ದಾರೆ ನೋಡು!" ಎಂದು ನಾನು ಇಲ್ಲಿಂದಲೇ ಕೂಗುತ್ತೇನೆ. "ನಿನ್ನ ಗಿರಾಕೀನೇ ಇರ್ಬೇಕು ಕಣೇ, ಕುತ್ತಿಗೆ ಹಿಡಿಸದ ರವಿಕೆ ಹಾಕ್ಕೊಂಡು ನಮ್ಮ ವಂಶಾನೇ ನೆನೆಸ್ಕೊಳ್ತಿದ್ದಾರೆ" ಎಂದು ಅವನು ಅಲ್ಲಿಂದ ಕೂಗುತ್ತಾನೆ. ವರ್ಷಗಟ್ಟಲೆ ಇದೇ ಮಾತು. ಬೇರೆ ಮಾತು ಹುಡುಕುವ ಕಷ್ಟ ನಾವಿಬ್ಬರೂ ತೆಗೆದುಕೊಂಡಿಲ್ಲ.

ಬಿಕ್ಕಳಿಕೆ ಬಂದಾಗ ಅವನದೊಂದು ಶಿಸ್ತಿತ್ತು. ಅದು ನಿಲ್ಲುವವರೆಗೆ ಕತ್ತಿ ಮುಟ್ಟುವುದಿಲ್ಲ. ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ ಕನ್ನಡಿಯ ಮುಂದೆ ನಿಂತುಕೊಳ್ಳುತ್ತಿದ್ದ. ಗಿರಾಕಿಗಳು ಪೇಪರ್ ಓದುತ್ತ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಅದು ತಾನಾಗಿಯೇ ತೊಲಗುತ್ತಿತ್ತು. ಅವನು ಕೈತೊಳೆದು, ಹೊಸ ಬ್ಲೇಡು ಹಾಕಿ, ಮೊದಲಿನವರನ್ನು ಕುರ್ಚಿಗೆ ಕರೆಯುತ್ತಿದ್ದ.

ಅವರು ಕಾಯುತ್ತಿದ್ದುದಕ್ಕೆ ಕಾರಣವಿತ್ತು. ಅವನನ್ನು ಪೇಟೆಯವರು ಬೆಣ್ಣೆಕೈ ಎಂದೇ ಕರೆಯುವುದು. ಕತ್ತಿ ಕೆನ್ನೆಯ ಮೇಲೆ ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ, ಅರ್ಧ ಜನ ನಿದ್ದೆಯೇ ಹೋಗುತ್ತಾರೆ. ಆ ಕತ್ತಿಯ ಹಿಡಿ ಅಪ್ಪನದು. ಕಲಿಸಿದ್ದೂ ಅಪ್ಪನೇ. ಅಪ್ಪನಿಗೆ ಈಗ ಬೆನ್ನು ಬಾಗಿದೆ, ಕೈ ನಡುಗುತ್ತದೆ, ನಾಲಗೆ ಮಾತ್ರ ಸಾಣೆ ಹಿಡಿದ ಹಾಗೇ ಇದೆ. ವಾರಕ್ಕೊಮ್ಮೆ ರಜೆಯ ದಿನ ಅಣ್ಣ ಅವರಿಗೆ ಮುಖಕ್ಷೌರ ಮಾಡುತ್ತಿದ್ದ. ಅಪ್ಪ ಬೇರೆ ಯಾರಿಗೂ ಗಲ್ಲ ಕೊಡುವವರಲ್ಲ. ಅಣ್ಣ ಊರಲ್ಲಿಲ್ಲದಿದ್ದರೆ ಗಡ್ಡ ಬೆಳೆಸಿಕೊಂಡು ಕೂರುತ್ತಿದ್ದರೇ ಹೊರತು ಎರಡನೇ ಕುರ್ಚಿಯ ಕೆಲಸದವನು ಮುಟ್ಟುವ ಹಾಗಿರಲಿಲ್ಲ. ಮುಗಿದ ಮೇಲೆ ಗಲ್ಲ ಸವರಿಕೊಂಡು ಏನಾದರೊಂದು ಕೊಂಕು ತೆಗೆಯುತ್ತಿದ್ದರು. ಅಣ್ಣ ಅದಕ್ಕೇ ಕಾಯುತ್ತಿದ್ದ.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ಸೋಡಾ ಕುಡಿದರೆ ಬಿಕ್ಕುವುದು ಅಣ್ಣನಿಗೆ ಅಪ್ಪನಿಂದ ಬಂದ ಬಳುವಳಿ. ಅಪ್ಪನಿಗೂ ಒಂದು ಗುಟುಕು ಹೆಚ್ಚಾದರೆ ಸಾಕು, ಹಿಕ್ ಹಿಕ್ ಎಂದು ನಾಲ್ಕಾರು ಸಲ, ಆಮೇಲೆ ತಣ್ಣಗೆ. ಅದಕ್ಕೇ ಮನೆಯಲ್ಲಿ ಅವರಿಗೆ ಸೋಡಾ ಕೊಡುವುದಿಲ್ಲ.

ಹೀಗಿರುವಾಗ ನಮ್ಮ ದೊಡ್ಡಕ್ಕನ ಮಗಳ ಮದುವೆ ಬಂತು. ಬೆಳಗ್ಗೆ ಅಣ್ಣ ಅಂಗಡಿಯಲ್ಲಿ ಎರಡು ಕನ್ನಡಿಗಳ ನಡುವೆ ಕೂತು ತನ್ನ ಅಲಂಕಾರ ತಾನೇ ಮಾಡಿಕೊಂಡ. ಊರಿನವರ ತಲೆಯೆಲ್ಲ ಇವನ ಕೈಯಲ್ಲಿ, ಇವನ ತಲೆಯನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡಬಾರದು! ಮೀಸೆ ತಿದ್ದಿದ, ಮೂಗಿನ ಕೂದಲು ತೆಗೆದ, ಸಣ್ಣ ಕತ್ತರಿಯಿಂದ ಕಿವಿಯೊಳಗಿನ ಕೂದಲನ್ನೂ ಕಚಕಚ ಕತ್ತರಿಸಿಕೊಂಡ. "ಗಿರಾಕಿಗಾದ್ರೆ ಕಿವೀಗೆ ಹತ್ತಿ ಇಡ್ತೀಯ, ನಿನಗ್ಯಾಕೆ ಬೇಡ?" ಎಂದು ನಾನು ಕೇಳಿದ್ದು ನೆನಪಿದೆ. "ನನ್ನ ಕಿವಿ ನನಗೆ ಗೊತ್ತಿಲ್ವೇನೇ" ಎಂದ. ನನ್ನ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡದ್ದು ಬೇರೇನೋ, ಅದು ಆಮೇಲೆ ಗೊತ್ತಾಯಿತು.

ಮದುವೆ ಊಟದಲ್ಲಿ ಅವನು ಬಡಿಸುವವರ ಕೈ ಸೋಲಿಸಿದ. ಅಕ್ಕನೂ ಬಿಡಲಿಲ್ಲ. "ಇನ್ನೊಂದು ಹಾಕಿಸ್ಕೊಳ್ಳೋ, ನನ್ನ ಮಗಳ ಮದುವೆ ದಿನಾ ಆಗುತ್ತಾ?" ಎಂದು ಪಕ್ಕದಲ್ಲೇ ನಿಂತಳು. ಹೊಟ್ಟೆ ಬಿರಿಯುವಷ್ಟು ತಿಂದು, ಅದರ ಮೇಲೆ ಎರಡು ಸೋಡಾ ಕುಡಿದ. ಬಿಕ್ಕಳಿಕೆ ಬಂತು. ನೆಂಟರೆಲ್ಲ ನಕ್ಕರು. ಕದ್ದು ತಿಂದಿದ್ದೀಯೇನಪ್ಪಾ ಎಂದರು. ಅವನೂ ನಕ್ಕ, ಉಸಿರು ಹಿಡಿದ, ನೀರು ಕುಡಿದ. ಬಸ್ಸಿನಲ್ಲಿ ಬರುವಾಗಲೂ ಬಿಕ್ಕುತ್ತಿದ್ದ. ಮರುದಿನ ಬೆಳಗ್ಗೆ ನಾನು ಅಂಗಡಿ ತೆರೆದಾಗ ಹಲಗೆಯ ಆ ಕಡೆಯಿಂದ ಹಿಕ್ ಕೇಳಿಸಿತು. ಅವನಿನ್ನೂ ತಿಂಡಿಯನ್ನೇ ತಿಂದಿರಲಿಲ್ಲ.

ಆಗ ಮನೆಮದ್ದಿನ ಮೆರವಣಿಗೆ ಶುರುವಾಯಿತು. ಒಬ್ಬರು ಸಕ್ಕರೆ ಚಪ್ಪರಿಸು ಎಂದರು, ಇನ್ನೊಬ್ಬರು ಬಗ್ಗಿ ಲೋಟದ ಆಚೆ ಅಂಚಿನಿಂದ ನೀರು ಕುಡಿ ಎಂದರು. ಅತ್ತಿಗೆ ಬಾಗಿಲ ಹಿಂದೆ ಅಡಗಿ ಕೂತು "ಭೋ!" ಎಂದಳು. ಅಣ್ಣ ಬೆಚ್ಚಿದ, ಬೈದ, ಮತ್ತೆ ಬಿಕ್ಕಿದ. ಏನು ಮಾಡಿದರೂ ಸ್ವಲ್ಪ ಹೊತ್ತು ನಿಂತಂತೆ ಮಾಡಿ ಮರಳುತ್ತಿತ್ತು. ಊಟವಾದರಂತೂ ಕೇಳುವುದೇ ಬೇಡ, ತಡೆಯಿಲ್ಲದೆ ಬರುತ್ತಿತ್ತು. ನಿದ್ದೆ ಸರಿಯಾಗಿ ಬರದೆ ಅವನ ಕಣ್ಣು ಗುಳಿಬಿತ್ತು. ನಾನು ನೆನೆಸ್ಕೊಳ್ತಿದ್ದಾರೆ ಎಂದು ಕೂಗುವುದನ್ನು ನಿಲ್ಲಿಸಿದೆ. ತಮಾಷೆ ಮಾಡಲು ಮನಸ್ಸು ಬರಲಿಲ್ಲ.

ಹೀಗಿದ್ದೂ ಅವನು ಕತ್ತಿಯನ್ನು ಪೂರ್ತಿ ಕೆಳಗಿಡಲಿಲ್ಲ, ಅದೇ ಆದ ತಪ್ಪು. ಮುಖಕ್ಷೌರವನ್ನೇನೋ ಎರಡನೇ ಕುರ್ಚಿಯವನಿಗೆ ಬಿಟ್ಟಿದ್ದ. ಆದರೆ ನಿವೃತ್ತ ಮೇಷ್ಟ್ರೊಬ್ಬರು ಬಂದು, "ನಾನು ಕೂತ್ಕೊಳ್ಳೋದು ನಿನ್ನ ಕುರ್ಚೀಲೇ, ನಿನ್ನ ಬಿಕ್ಕಳಿಕೆ ಕಾದು ಕಾದು ನಂಗೆ ಅಭ್ಯಾಸ ಆಗಿದೆ" ಎಂದು ಪಟ್ಟು ಹಿಡಿದರು. ಅಣ್ಣ ಒಂದು ಬಿಕ್ಕಳಿಕೆಗೂ ಇನ್ನೊಂದಕ್ಕೂ ನಡುವಿನ ಬಿಡುವು ನೋಡಿಕೊಂಡ. ಆ ಸಂದಿಯಲ್ಲಿ ಎರಡೆಳೆ ಎಳೆದು ಕೈ ಹಿಂದಕ್ಕೆ, ಬಿಕ್ಕು, ಮತ್ತೆ ಎರಡೆಳೆ. ಹೀಗೆ ಅವಸರ ಅವಸರವಾಗಿ ಅರ್ಧ ಮುಖ ಮುಗಿಸಿದ. ದವಡೆಯ ಕೆಳಗೆ ಬಂದಾಗ ಬಿಕ್ಕಳಿಕೆ ಲೆಕ್ಕ ತಪ್ಪಿಸಿ ಬಂತು. ಮೇಷ್ಟ್ರ ಗಲ್ಲದಡಿ ಬಿಳಿ ನೊರೆಯ ಮೇಲೆ ಒಂದು ಕೆಂಪು ಗೆರೆ ಎದ್ದಿತು.

ಸಣ್ಣ ಗಾಯ. ಪಟಿಕ ಒತ್ತಿದರೆ ನಿಂತುಹೋಯಿತು. ಮೇಷ್ಟ್ರು, "ಏನಾಗಿಲ್ಲ ಬಿಡಪ್ಪ, ನಮ್ಮ ಮನೇಲಿ ನಾನೇ ಮಾಡ್ಕೊಂಡ್ರೆ ಇದಕ್ಕಿಂತ ಹೆಚ್ಚು ಹರೀತದೆ" ಎಂದು ನಕ್ಕರು. ಅಣ್ಣ ನಗಲಿಲ್ಲ. ಉಳಿದರ್ಧ ಮುಖವನ್ನು ಎರಡನೇ ಕುರ್ಚಿಯವನಿಗೆ ಒಪ್ಪಿಸಿದ. ಕತ್ತಿ ತೊಳೆದು, ಒರೆಸಿ, ಮಡಚಿ, ಹಳದಿ ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಗೆ ಬಂದ.

"ಇದನ್ನ ನಿನ್ ಹತ್ರ ಇಟ್ಕೋ. ಇನ್ನು ನಂದಲ್ಲ ಇದು."

"ಹುಚ್ಚು ಹಿಡೀತೇನೋ ನಿಂಗೆ? ಒಂದು ಗೆರೆ ಬಿತ್ತು ಅಂತ..."

"ಗೆರೆ ಬಿದ್ದ ಜಾಗ ನೋಡಿದ್ಯಾ? ಇನ್ನೊಂದು ಬೆರಳಗಲ ಕೆಳಗಿದ್ದಿದ್ರೆ? ಹಿಕ್! ನೋಡು. ಇದು ಹೋಗೋದಲ್ಲ. ಆಮೇಲೆ ಕತ್ತೀನ ಎರಡನೇ ಕುರ್ಚಿಯವನಿಗೆ ಕೊಟ್ಟು ನಾನು ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋತೀನಿ."

ನನಗೆ ಅಂದು ನಿಜಕ್ಕೂ ಭಯವಾಯಿತು. ಬಿಕ್ಕಳಿಕೆಯಿಂದ ಯಾರೂ ಸಾಯುವುದಿಲ್ಲ ಎಂದುಕೊಂಡಿದ್ದವಳು ನಾನು. ಆದರೆ ಕತ್ತಿಯಿಲ್ಲದ ನಮ್ಮಣ್ಣ ಬದುಕಿದ್ದೂ ಏನು ಮಾಡುತ್ತಾನೆ? ಅವನಿಗೆ ಓದು ಹತ್ತಲಿಲ್ಲ, ಊರು ಸುತ್ತುವ ಚಟವಿಲ್ಲ, ಇಸ್ಪೀಟು ಬರುವುದಿಲ್ಲ. ಇರುವುದು ಆ ಕೈಯೊಂದೇ. ಹಳದಿ ಗಂಟನ್ನು ನನ್ನ ಗುಂಡಿಗಳ ಡಬ್ಬಿಯಲ್ಲಿಟ್ಟು, "ಯಾರಿಗೂ ಕೊಡಲ್ಲ ನಾನು. ಮೊದ್ಲು ಡಾಕ್ಟರ ಹತ್ರ ನಡಿ" ಎಂದೆ.

ನಮ್ಮ ಬೀದಿಯ ಡಾಕ್ಟರು ಹೊಟ್ಟೆಯ ಹುಳಿ ಕಡಿಮೆ ಮಾಡುವ ಮಾತ್ರೆ ಕೊಟ್ಟು, ಸೋಡಾ ನಿಲ್ಲಿಸಿ, ಸ್ವಲ್ಪ ಸ್ವಲ್ಪ ತಿನ್ನಿ ಎಂದರು. ಎದೆಯುರಿ ಇಳಿಯಿತು, ಬಿಕ್ಕಳಿಕೆ ಕಡಿಮೆಯಾಯಿತು, ಹೋಗಲಿಲ್ಲ. "ಎರಡು ದಿನ ದಾಟಿದ್ರೆ ಅದು ಮಾಮೂಲಿ ಬಿಕ್ಕಳಿಕೆ ಅಲ್ಲ, ದೊಡ್ಡಾಸ್ಪತ್ರೇಲಿ ಒಂದ್ಸಲ ಪೂರ್ತಿ ನೋಡಿಸ್ಬಿಡಿ" ಎಂದು ಎರಡನೇ ಸಲ ಹೋದಾಗ ಚೀಟಿ ಬರೆದರು. ಅಣ್ಣ ಎದ್ದ ಕೂಡಲೇ ನಾನು ಅವನ ತೋಳು ಹಿಡಿದು ಬಸ್ ಸ್ಟಾಪಿಗೇ ಕರೆದುಕೊಂಡು ಹೋದೆ. ಮನೆಗೆ ಬಿಟ್ಟರೆ ನಾಳೆ ಎನ್ನುತ್ತಾನೆ, ನನಗೆ ಗೊತ್ತು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಎಕ್ಸ್‌ರೇ, ಇಸಿಜಿ ಮಾಡಿಸಿದರು. ಬೆಂಚಿನ ಮೇಲೆ ಕಾಯುವಾಗ ಇವನು ಹಿಕ್ ಎಂದಾಗಲೆಲ್ಲ ಎದುರಿನ ಮಗು ಕಿಲಕಿಲ ನಗುತ್ತಿತ್ತು. ಅಣ್ಣನಿಗೂ ಕೊನೆಗೆ ನಗು ಬಂತು. ಎಲ್ಲ ವರದಿ ಬಂದ ಮೇಲೆ ಒಳಗೆ ಕರೆದರು. ಡಾಕ್ಟರಮ್ಮನಿಗೆ ನನ್ನ ವಯಸ್ಸಿರಬಹುದು. ಮಾತು ನಿಧಾನ, ಕಣ್ಣು ಚುರುಕು.

"ರಕ್ತದಲ್ಲಿ ಲವಣ, ಸಕ್ಕರೆ, ಕಿಡ್ನಿ ಎಲ್ಲ ಸರಿಯಾಗಿದೆ. ಎದೆ ಚಿತ್ರಾನೂ ಚೆನ್ನಾಗಿದೆ. ಹೆದರೋ ಅಂಥದ್ದು ಏನೂ ಕಾಣ್ತಿಲ್ಲ" ಎಂದರು. "ಏನ್ ಕೆಲಸ ಮಾಡ್ತೀರಿ ಯಜಮಾನ್ರೇ?"

"ಕ್ಷೌರದಂಗಡಿ ಇದೆ. ಹಿಕ್. ಇತ್ತು."

"ಇದೆ" ಎಂದೆ ನಾನು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿದರು. ಊಟ ಹೇಗೆ, ಯಾವಾಗ, ಎಷ್ಟು ಎಂದು ಕೇಳಿದರು. ಅಣ್ಣ ಹೇಳಿದ್ದರಲ್ಲಿ ಅರ್ಧ ನಾನು ತಿದ್ದಬೇಕಾಯಿತು. "ಸ್ವಲ್ಪಾನೇ ತಿಂತೀನಿ" ಅಂತೆ! ನಾನು ಮೂರಂತಸ್ತಿನ ಡಬ್ಬಿಯನ್ನೂ ನಿಂತು ತಿನ್ನುವುದನ್ನೂ ಮದುವೆಮನೆಯ ಎರಡು ಸೋಡಾವನ್ನೂ ಬಿಡದೆ ಹೇಳಿದೆ. ಅವನು ನನ್ನ ಕಡೆ ಕೆಕ್ಕರಿಸಿ ನೋಡಿದ.

"ಹೊಟ್ಟೆ ಮೇಲೆ, ಎದೆಗೂ ಹೊಟ್ಟೆಗೂ ನಡುವೆ, ಒಂದು ಅಗಲವಾದ ಸ್ನಾಯು ಇದೆ. ವಪೆ ಅಂತೀವಿ. ಉಸಿರೆಳೆಯೋದು ಅದೇ" ಎಂದು ಅವರು ಶುರುಮಾಡಿದರು. "ಒಂದೇ ಸಲ ತುಂಬ ತಿಂದ್ರೆ ಹೊಟ್ಟೆ ಚೀಲ ಹಿಗ್ಗುತ್ತೆ. ಮಾತಾಡ್ತಾ ತಿಂದ್ರೆ ಗಾಳೀನೂ ಒಳಗೆ ಹೋಗುತ್ತೆ. ಸೋಡಾ ಕುಡಿದ್ರೆ ಅದರ ಗ್ಯಾಸು ಬೇರೆ ಸೇರುತ್ತೆ. ಹಿಗ್ಗಿದ ಹೊಟ್ಟೆ ವಪೇನ ಕೆಳಗಿಂದ ಒತ್ತುತ್ತೆ. ಹುಳಿ ಮೇಲಕ್ಕೆ ಬಂದು ಅನ್ನನಾಳಾನೂ ಕೆರಳಿಸುತ್ತೆ. ಈ ಸುದ್ದೀನೆಲ್ಲ ಮೇಲಕ್ಕೆ ಒಯ್ಯೋದಕ್ಕೆ ನರಗಳಿವೆ. ಮುಖ್ಯವಾಗಿ ವೇಗಸ್ ಅನ್ನೋ ನರ. ತಲೆಯಿಂದ ಹೊಟ್ಟೆವರೆಗೂ ಇಳಿಯೋ ಉದ್ದನೇ ನರ ಅದು."

"ಸುದ್ದಿ ಯಾರಿಗೆ ಹೋಗುತ್ತೆ?" ನಾನು ಕೇಳಿದೆ.

"ಮೆದುಳಿನ ಬುಡಕ್ಕೂ, ಕುತ್ತಿಗೆ ಭಾಗದ ಬೆನ್ನುಹುರಿಗೂ. ಅಲ್ಲಿಂದ ವಾಪಸ್ ಹುಕುಂ ಬರುತ್ತೆ." ಅವರು ಎದ್ದು ಬಂದು ಅಣ್ಣನ ಕುತ್ತಿಗೆಯ ಪಕ್ಕದಲ್ಲಿ ಬೆರಳಿಟ್ಟರು. "ಕಿವಿ ಹಿಂದಿನಿಂದ ಎದೆಮೂಳೆ ಕಡೆ ಇಳಿಯುತ್ತಲ್ಲ, ಈ ದಪ್ಪ ಸ್ನಾಯು, ಇದು ನಿಮಗೆ ಚೆನ್ನಾಗಿ ಗೊತ್ತು. ಇದರ ಒಳಗಡೆ, ಆಳದಲ್ಲಿ, ಫ್ರೆನಿಕ್ ಅನ್ನೋ ನರ ಇಳಿಯುತ್ತೆ, ಎರಡೂ ಕಡೆ ಒಂದೊಂದು. ಕುತ್ತಿಗೇಲಿ ಹುಟ್ಟಿ, ಹೃದಯದ ಪಕ್ಕದಲ್ಲೇ ಹಾದು, ವಪೆಗೆ ಸೇರುತ್ತೆ. ಹುಕುಂ ಬಂದ ಕೂಡ್ಲೇ ವಪೆ ತಟ್ಟಂತ ಬಿಗಿಯುತ್ತೆ, ಗಾಳಿ ಒಳಕ್ಕೆ ನುಗ್ಗುತ್ತೆ. ಮರುಕ್ಷಣವೇ ಗಂಟಲಲ್ಲಿ ಧ್ವನಿ ಪಟ್ಟಿಗಳು ಟಪ್ ಅಂತ ಮುಚ್ಕೊಳ್ತವೆ. ಆ ಮುಚ್ಚಿದ ಸದ್ದೇ ಹಿಕ್."

ಸರಿಯಾಗಿ ಆಗಲೇ ಅಣ್ಣ ಹಿಕ್ ಎಂದ. ಮೂವರೂ ನಕ್ಕೆವು.

ಅಣ್ಣ ತನ್ನ ಕುತ್ತಿಗೆಯನ್ನು ತಾನೇ ಮುಟ್ಟಿನೋಡಿಕೊಂಡ. ಅವನ ಮುಖದಲ್ಲಿ ಅಚ್ಚರಿಯೂ ಇತ್ತು, ಅಂಜಿಕೆಯೂ ಇತ್ತು. "ಅಂದ್ರೆ ನಾನು ಇಷ್ಟು ವರ್ಷ ಆ ನರದ ಮೇಲೇ ಕತ್ತಿ ಆಡಿಸ್ತಿದ್ದೆ" ಎಂದ.

"ಅದು ಆಳದಲ್ಲಿದೆ, ನಿಮ್ಮ ಕತ್ತಿಗೆ ಸಿಗಲ್ಲ. ಉಸಿರು ಹಿಡಿದ್ರೆ ನಿಲ್ಲುತ್ತಿತ್ತು ಅಂದ್ರಲ್ಲ, ಅದೂ ಸರಿ. ಒಳಗೆ ಇಂಗಾಲದ ಡೈಆಕ್ಸೈಡ್ ಏರಿದ್ರೆ ಈ ಬಿಕ್ಕಳಿಕೆಯ ಸುತ್ತು ತಣ್ಣಗಾಗುತ್ತೆ. ನೀರು ನುಂಗಿದ್ರೆ ವೇಗಸ್ಸಿಗೆ ಬೇರೆ ಕೆಲಸ ಸಿಗುತ್ತೆ. ಆದರೆ ನನಗೆ ಅರ್ಥ ಆಗದೇ ಇರೋದು ಒಂದೇ." ಅವರು ಕುರ್ಚಿಗೆ ಮರಳದೆ ನಿಂತೇ ಯೋಚಿಸಿದರು. "ಮದುವೆ ಊಟ ಯಾವತ್ತೋ ಅರಗಿಹೋಯ್ತು. ಸೋಡಾ ಬಿಟ್ಟಿದ್ದೀರಿ. ಮಾತ್ರೆ ತಗೊಂಡಿದ್ದೀರಿ. ಆದ್ರೂ ಯಾರೋ ಸುದ್ದಿ ಕಳಿಸ್ತಾನೇ ಇದ್ದಾರೆ. ವೇಗಸ್ಸಿನ ಒಂದು ಸಣ್ಣ ಕವಲು ಕಿವಿಗೂ ಹೋಗುತ್ತೆ. ನಿಮ್ಮ ಗಿರಾಕಿಗಳಲ್ಲಿ ಕಿವಿ ಮುಟ್ಟಿದ್ರೆ ಕೆಮ್ಮೋರು ಯಾರಾದ್ರೂ ಇದ್ದಾರಾ?"

"ಇದ್ದಾರೆ" ಎಂದ ಅಣ್ಣ. "ಅಂಚೆ ಕಛೇರಿಯವರು ಒಬ್ರಿದ್ದಾರೆ. ಕಿವೀಗೆ ಹತ್ತಿ ಇಟ್ರೆ ಸಾಕು, ಕೆಮ್ಮಿ ಕೆಮ್ಮಿ ಸುಸ್ತಾಗ್ತಾರೆ. ಕಳ್ಳಕೆಮ್ಮು ಅಂತ ನಾವು ರೇಗಿಸ್ತಿದ್ವಿ."

"ಕಳ್ಳಕೆಮ್ಮಲ್ಲ ಪಾಪ, ಆ ಕವಲಿನ ಕೆಲಸ. ಎಲ್ಲಿ, ನಿಮ್ಮ ಕಿವಿ ತೋರಿಸಿ."

ಕಿವಿ ಎಂದ ಕೂಡಲೇ ನನಗೆ ಆ ಬೆಳಗು ನೆನಪಾಯಿತು, ಎರಡು ಕನ್ನಡಿಯ ನಡುವೆ ಕೂತ ಅಣ್ಣ, ಆ ಸಣ್ಣ ಕತ್ತರಿ. "ಅಮ್ಮಾ, ಇವನು ಮದುವೆ ದಿನ ಬೆಳಗ್ಗೆ ಕಿವಿಕೂದಲು ಕತ್ತರಿಸ್ಕೊಂಡ. ಹತ್ತೀನೂ ಇಡ್ಲಿಲ್ಲ" ಎಂದೆ. ಡಾಕ್ಟರಮ್ಮ ದೀಪದ ಕೊಳವೆಯನ್ನು ಬಲಗಿವಿಗಿಟ್ಟು ನೋಡಿದರು, ಏನಿಲ್ಲ ಎಂದರು. ಎಡಗಿವಿಗಿಟ್ಟರು. ಬಹಳ ಹೊತ್ತು ನೋಡಿದರು. ಕೊಳವೆ ಒಳಗೆ ಸ್ವಲ್ಪ ಜರುಗಿದಾಗ ಅಣ್ಣ ಖೊಕ್ ಎಂದು ಕೆಮ್ಮಿದ.

"ಇಲ್ಲಿದೆ ನೋಡಿ" ಎಂದರು. "ಗಟ್ಟಿ ಕೂದಲಿನ ತುಂಡು. ಗುಗ್ಗೆಗೆ ಅಂಟಿಕೊಂಡು ಕಿವಿತಮಟೆ ಮೇಲೆ ಚುಚ್ಚಿಕೊಂಡು ನಿಂತಿದೆ. ನೀವು ಅಗಿದಾಗ, ಮಾತಾಡಿದಾಗ ದವಡೆ ಆಡುತ್ತಲ್ಲ, ಆಗೆಲ್ಲ ಅದೂ ಆಡುತ್ತೆ."

ಬೆಚ್ಚಗಿನ ನೀರನ್ನು ಪಿಚಕಾರಿಯಿಂದ ಮೆಲ್ಲಗೆ ಹಾಯಿಸಿದರು. ಕಿವಿಯ ಕೆಳಗೆ ಹಿಡಿದ ಬಟ್ಟಲನ್ನು ಆಮೇಲೆ ನಮಗೆ ತೋರಿಸಿದರು. ಕಂದು ಗುಗ್ಗೆಯ ಚೂರಿನ ಜೊತೆ ಒಂದು ಕೂದಲು ತೇಲುತ್ತಿತ್ತು, ನನ್ನ ಉಗುರಿನಷ್ಟೂ ಉದ್ದವಿಲ್ಲ, ತುದಿ ಮಾತ್ರ ಓರೆಯಾಗಿ ತುಂಡಾಗಿ ಚೂಪಾಗಿತ್ತು. ಆ ಕತ್ತರಿಗೆ ಸಾಣೆ ಹಿಡಿದವನೂ ಇವನೇ! ಅಣ್ಣ ಬಟ್ಟಲಿಗೆ ಮುಖ ಹಾಕಿ ನೋಡುತ್ತಾ ಇನ್ನೆರಡು ಸಲ ಬಿಕ್ಕಿದ. ಮತ್ತೊಂದಕ್ಕೆ ನಾವೆಲ್ಲ ಕಾದೆವು. ಬರಲಿಲ್ಲ. ಅವನು ಉಸಿರೆಳೆದ, ಬಿಟ್ಟ, ಮತ್ತೆ ಎಳೆದ. ನನಗೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡೆ.

"ಶುರು ಮಾಡಿದ್ದು ಹೊಟ್ಟೆ, ನಿಲ್ಲೋಕೆ ಬಿಡದೇ ಇದ್ದದ್ದು ಬಹುಶಃ ಇದು" ಎಂದರು ಡಾಕ್ಟರಮ್ಮ. "ಕೂದಲು ಹೋಯ್ತು ಅಂತ ಮತ್ತೆ ನಿಂತು ತಿನ್ನಬೇಡಿ. ಕೂತು, ಸ್ವಲ್ಪ ಸ್ವಲ್ಪ, ಬಾಯಿ ಮುಚ್ಚಿ. ಸೋಡಾ ಬೇಡ. ಒಂದು ವಾರ ನೋಡಿ. ಬರದೇ ಇದ್ರೆ ನಿಮ್ಮ ಕೆಲಸ ನೀವು ಶುರು ಮಾಡಿ. ಬಂದ್ರೆ ಇಲ್ಲಿಗೇ ಬನ್ನಿ, ಅದಕ್ಕೆ ಬೇರೆ ಮಾತ್ರೆಗಳಿವೆ."

ಒಂದು ವಾರ ಬರಲಿಲ್ಲ. ಮರುವಾರವೂ ಬರಲಿಲ್ಲ. ಅತ್ತಿಗೆ ಡಬ್ಬಿಯನ್ನು ಒಂದಂತಸ್ತಿಗೆ ಇಳಿಸಿ, ಸಂಜೆಗೆ ಇನ್ನೊಂದು ಚಿಕ್ಕ ಡಬ್ಬಿ ಕಳಿಸತೊಡಗಿದಳು. ಅಣ್ಣ ನನ್ನ ಅಂಗಡಿಯ ಸ್ಟೂಲಿನ ಮೇಲೆ ಶಾಲೆಯ ಹುಡುಗನ ಹಾಗೆ ಕೂತು ತಿನ್ನುತ್ತಿದ್ದ. ಮಾತಾಡಲು ಬಾಯಿ ತೆರೆದರೆ ನಾನು ಅಳತೆಪಟ್ಟಿ ಎತ್ತಿ ತೋರಿಸುತ್ತಿದ್ದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಆದರೆ ಅವನು ಹಳದಿ ಗಂಟು ಕೇಳಲಿಲ್ಲ. ಕತ್ತರಿ ಹಿಡಿದ, ಕೂದಲು ಕತ್ತರಿಸುವ ಮೆಷಿನ್ ಹಿಡಿದ, ತಲೆಗೆ ಎಣ್ಣೆ ತಿಕ್ಕಿದ. ಮುಖಕ್ಷೌರಕ್ಕೆ ಬಂದವರನ್ನು ಎರಡನೇ ಕುರ್ಚಿಗೆ ಕಳಿಸಿದ. ನಾನೇ ಒಂದು ದಿನ ಗುಂಡಿ ಡಬ್ಬಿಯಿಂದ ಗಂಟು ತೆಗೆದು ಅವನ ಮುಂದಿಟ್ಟೆ.

"ಬಿಕ್ಕಳಿಕೆ ಹೋಯ್ತಲ್ಲೋ!"

"ಹೋಯ್ತು. ಆದ್ರೆ ಕತ್ತಿ ಹಿಡಿದಾಗ ಬಂದ್ರೆ ಅಂತ ಅನ್ನಿಸುತ್ತೆ ಕಣೇ. ಅನ್ನಿಸಿದ ಕೂಡ್ಲೇ ಕೈ ಗಟ್ಟಿಯಾಗ್ತದೆ. ಗಟ್ಟಿ ಕೈಯಲ್ಲಿ ಯಾರ ಗಲ್ಲಾನೂ ಮುಟ್ಟಬಾರದು." ಗಂಟನ್ನು ನನ್ನ ಕಡೆಗೇ ತಳ್ಳಿದ. "ಈ ತಿಂಗಳ ಕೊನೆಗೆ ಎರಡನೇ ಕುರ್ಚಿಯವನಿಗೆ ಕೊಟ್ಬಿಡ್ತೀನಿ. ಅಪ್ಪನಿಗೆ ನೀನೇ ಹೇಳು."

ಅಪ್ಪನಿಗೆ ಹೇಳುವುದೇನು ಬಂತು, ಅವರಿಗೆ ಎಲ್ಲ ಗೊತ್ತಿತ್ತು. ಮದುವೆಯಿಂದಾಚೆ ಅವರ ಗಡ್ಡಕ್ಕೆ ಯಾರೂ ಕೈಹಾಕಿರಲಿಲ್ಲ. ಬೆಳ್ಳಗೆ ಪೊದೆಯಾಗಿ ಬೆಳೆದಿದ್ದ ಆ ಗಡ್ಡವನ್ನು ಕೆರೆದುಕೊಳ್ಳುತ್ತ ನಾನು ಹೇಳಿದ್ದನ್ನೆಲ್ಲ ಕೇಳಿದರು. ಡಾಕ್ಟರಮ್ಮನ ನರಗಳ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. "ಕುತ್ತಿಗೇಲಿ ಹುಟ್ಟಿ ಹೊಟ್ಟೆ ಹತ್ರ ಹೋಗುತ್ತಾ? ಅಷ್ಟು ದೂರ ಯಾಕೋ ಪಾಪ" ಎಂದರು. ಆಮೇಲೆ, "ರಜೆ ದಿನ ನನ್ನನ್ನ ಅಂಗಡಿಗೆ ಕರ್ಕೊಂಡು ಹೋಗು. ಹೋಗ್ತಾ ಒಂದು ಸೋಡಾ ತಗೋ" ಎಂದರು.

"ಸೋಡಾನಾ? ನಿಮಗಾ? ಬಿಕ್ಕಳಿಕೆ ಬರುತ್ತಪ್ಪಾ!"

"ಅದಕ್ಕೇ ಕಣಮ್ಮ ತಗೋ ಅಂದಿದ್ದು."

ಅವರ ತಲೆಯಲ್ಲಿ ಏನಿದೆ ಎಂದು ತಿಳಿದಾಗ ನಾನು ರೇಗಿದೆ. ಮುದುಕರಿಗೆ ಬುದ್ಧಿ ಕೆಟ್ಟಿದೆ ಎಂದೆ. ಅವರು ಚಪ್ಪಲಿ ಹುಡುಕಿಕೊಂಡರು.

ರಜೆಯ ದಿನ ಬೆಳಗ್ಗೆ ಶಟರನ್ನು ಅರ್ಧ ಎತ್ತಿದ್ದೆವು. ಒಳಗೆ ಅಣ್ಣ ಬಾಚಣಿಗೆಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದ. ಅಪ್ಪನನ್ನು ಕಂಡು ಎದ್ದುನಿಂತ. ಅಪ್ಪ ನನ್ನ ಭುಜ ಬಿಟ್ಟು ಒಬ್ಬರೇ ನಡೆದುಹೋಗಿ ಮೊದಲ ಕುರ್ಚಿಯಲ್ಲಿ ಕೂತರು. ನನ್ನಿಂದ ಮೊದಲೇ ಕೇಳಿ ತೆಗೆದುಕೊಂಡಿದ್ದ ಹಳದಿ ಗಂಟು ಬಿಚ್ಚಿ ಕತ್ತಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟರು.

"ನೊರೆ ಹಾಕು."

"ಅಪ್ಪಾ, ನನ್ ಕೈಲಾಗಲ್ಲ."

"ಮೇಷ್ಟ್ರಿಗೆ ಗಾಯ ಆಯ್ತಲ್ಲ, ಆವತ್ತು ನಿನ್ನ ಕಿರುಬೆರಳು ಎಲ್ಲಿತ್ತು?"

ಅಣ್ಣ ತನ್ನ ಬಲಗೈಯನ್ನು ನೋಡಿಕೊಂಡ. ನನಗೂ ಆಗಲೇ ನೆನಪಾದದ್ದು, ಚಿಕ್ಕವನಾಗಿದ್ದಾಗ ಅಪ್ಪ ಅವನಿಗೆ ಮೊದಲು ಕಲಿಸಿದ್ದೇ ಅದು. ಕತ್ತಿ ಹಿಡಿದ ಕೈಯ ಕಿರುಬೆರಳು ಯಾವಾಗಲೂ ಗಿರಾಕಿಯ ಮುಖದ ಮೇಲೆ ಊರಿರಬೇಕು. ಆಗ ಮುಖ ಅಲುಗಿದರೆ ಕೈಯೂ ಅದರ ಜೊತೆ ಅಲುಗುತ್ತದೆ, ಕೈ ಅಲುಗಿದರೆ ಬೆರಳು ತಡೆಯುತ್ತದೆ. ಬರೀ ಕೆನ್ನೆ ಮುಟ್ಟುವ ಸುಖಕ್ಕಲ್ಲ ಅದು ಇರುವುದು.

"ಊರಿರಲಿಲ್ಲ" ಎಂದ ಅಣ್ಣ ಮೆಲ್ಲಗೆ. "ಬಿಕ್ಕೋಕೆ ಮುಂಚೆ ಮುಗಿಸ್ಬೇಕು ಅಂತ ಗಾಳೀಲಿ ಎಳೀತಿದ್ದೆ."

"ಹಾಗಾದ್ರೆ ಕುಯ್ದಿದ್ದು ಬಿಕ್ಕಳಿಕೆ ಅಲ್ಲ, ಅವಸರ. ಸೋಡಾ ಕೊಡಮ್ಮ."

ನಾನು ಕೊಡಲಿಲ್ಲ. ಅವರೇ ಚೀಲದಿಂದ ತೆಗೆದುಕೊಂಡು, ನಡುಗುವ ಕೈಯಲ್ಲಿ ಮುಚ್ಚಳ ತಿರುಗಿಸಿ, ಗಟಗಟ ಕುಡಿದರು. ಒಂದು ತೇಗು ಬಂತು. ಆಮೇಲೆ ಹಿಕ್. ಅಪ್ಪ ತಲೆಯನ್ನು ಹಿಂದಕ್ಕೆ ಒರಗಿಸಿ, ಗಡ್ಡವನ್ನು ಮೇಲೆತ್ತಿ, ಕುತ್ತಿಗೆ ಕೊಟ್ಟು ಕಣ್ಣು ಮುಚ್ಚಿಕೊಂಡರು.

"ಬೇಗ ಮಾಡು, ನಂದು ನಿನ್ನದರ ಹಾಗೆ ವಾರಗಟ್ಟಲೆ ಇರಲ್ಲ."

ಅಣ್ಣ ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡು ಕೈತೊಳೆದ. ಕತ್ತರಿಯಿಂದ ಬೆಳೆದ ಗಡ್ಡವನ್ನು ಸರಸರ ಇಳಿಸಿ, ಬ್ರಷ್ ತಿರುಗಿಸಿ ನೊರೆ ಹಚ್ಚಿದ. ಹಿಕ್. ಕತ್ತಿಗೆ ಹೊಸ ಬ್ಲೇಡು ಹಾಕಿದ. ಎಡಗೈಯಿಂದ ದವಡೆಯ ಚರ್ಮ ಎಳೆದು ಹಿಡಿದ. ಕಿರುಬೆರಳನ್ನು ಅಪ್ಪನ ಕೆನ್ನೆಯ ಮೇಲೆ ಊರಿದ. ನಾನು ಉಸಿರು ಬಿಗಿಹಿಡಿದು ಗೋಡೆಗೆ ಆತು ನಿಂತೆ.

ಕತ್ತಿ ಗಲ್ಲದಡಿಗೆ ಇಳಿದಾಗ ಅಪ್ಪ ಮತ್ತೆ ಬಿಕ್ಕಿದರು. ಅವರ ಕೊರಳು ಪೂರ್ತಿ ಎದ್ದು ಬಿತ್ತು. ಅಣ್ಣನ ಕೈಯೂ ಅದರ ಜೊತೆಗೇ ಎದ್ದು ಅದರ ಜೊತೆಗೇ ಇಳಿಯಿತು. ಕತ್ತಿ ಇದ್ದಲ್ಲೇ ಇತ್ತು, ನೊರೆ ಬೆಳ್ಳಗೇ ಇತ್ತು. ಅವನು ಒಂದು ಕ್ಷಣ ತಡೆದು ತನ್ನ ಕೈಯನ್ನೇ ನೋಡಿದ. ಆಮೇಲೆ ಕೆಲಸ ಮುಂದುವರಿಸಿದ. ಇನ್ನೊಂದು ಸಲ ಅಪ್ಪ ಬಿಕ್ಕಿದಾಗ ಅವನು ತಡೆಯಲಿಲ್ಲ. ಅದಾದ ಮೇಲೆ ಬಿಕ್ಕಳಿಕೆಯೂ ನಿಂತಿತು, ಅಂಗಡಿಯಲ್ಲಿ ಕತ್ತಿಯ ಸರಸರ ಸದ್ದು ಮಾತ್ರ ಉಳಿಯಿತು. ಅಪ್ಪನಿಗೆ ಸಣ್ಣ ಗೊರಕೆ ಹತ್ತಿತ್ತು.

ಒದ್ದೆ ಬಟ್ಟೆಯಿಂದ ಮುಖ ಒರೆಸಿದ ಮೇಲೆ ಅಪ್ಪ ಎಚ್ಚರಾದರು. ಕನ್ನಡಿ ನೋಡಲಿಲ್ಲ. ಗಲ್ಲದ ಮೇಲೆ, ಗಲ್ಲದ ಕೆಳಗೆ, ಕುತ್ತಿಗೆಯ ಎರಡೂ ಪಕ್ಕ ಬೆರಳಾಡಿಸಿದರು. ಅಣ್ಣ ಕತ್ತಿ ಹಿಡಿದುಕೊಂಡೇ ಕಾಯುತ್ತಿದ್ದ.

"ಕಿವಿ ಹತ್ರ ಎರಡು ಕೂದಲು ಬಿಟ್ಟಿದ್ದೀಯ" ಎಂದರು ಅಪ್ಪ. "ಹತ್ತಿ ಇಟ್ಟು ತೆಗಿ."

ಅಣ್ಣ ಹತ್ತಿಯ ಡಬ್ಬಿ ತೆರೆದ.